ಮ್ಯಾಪ್‌ನಲ್ಲಿ 48 ನಿಮಿಷ, ನಿಜದಲ್ಲಿ 94

ಮನೆ ತೋರಿಸಿದ ಬ್ರೋಕರ್ "ಮೆಟ್ರೋ ಹತ್ತಿರವೇ ಇದೆ, ಆಫೀಸಿಗೆ ಮುಕ್ಕಾಲು ಗಂಟೆ ಅಷ್ಟೇ" ಅಂದಿದ್ದರು. ಅದೊಂದು ಭಾನುವಾರ ಮಧ್ಯಾಹ್ನ. ಮೊಬೈಲ್ ಮ್ಯಾಪ್ ಕೂಡ ಅವರ ಮಾತಿಗೇ ಸೈ ಅಂದಿತು: ಬಸ್ ಸ್ಟಾಪಿಗೆ ನಡಿಗೆ 6 ನಿಮಿಷ, ಬಸ್ಸಿನಲ್ಲಿ 12, ಮೆಟ್ರೋದಲ್ಲಿ 22, ಕೊನೆಗೆ ಆಟೋ 8, ಒಟ್ಟು 48. ಕೆಲಸದ ದಿನ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಮನೆ ಬಿಟ್ಟರೆ ಅದೇ ದಾರಿಗೆ 94 ನಿಮಿಷ ಬೇಕು. ಹೆಚ್ಚಾದ 46 ನಿಮಿಷ ಎಲ್ಲಿ ಹೋಯಿತು ಅಂತ ಹುಡುಕಿದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ, ಏಕೆಂದರೆ ನಾನು ಅಂದುಕೊಂಡ ಕಡೆ ಅದು ಇರಲಿಲ್ಲ.

ಟ್ರಾಫಿಕ್ಕೇ ತಿಂದಿರಬೇಕು ಅಂತ ಯಾರಿಗಾದರೂ ಅನಿಸುತ್ತದೆ. ಒಂದೊಂದು ಕಡೆ ಗಾಡಿ ಬದಲಿಸುವಾಗಲೂ ಮೊಬೈಲಿನಲ್ಲಿ ಸಮಯ ಬರೆದುಕೊಂಡು ನೋಡಿದೆ. ಬಸ್ಸು 12ರ ಬದಲು 25 ನಿಮಿಷ ತೆಗೆದುಕೊಂಡಿತು, ಆಟೋ 8ರ ಬದಲು 12. ಅಲ್ಲಿಗೆ ಟ್ರಾಫಿಕ್ಕಿನ ಪಾಲು 17 ನಿಮಿಷ. ಉಳಿದ 29 ನಿಮಿಷ ನಾನು ಯಾವ ಗಾಡಿಯಲ್ಲೂ ಇರಲಿಲ್ಲ. ಬಸ್ಸಿಗೆ ಕಾದದ್ದು 8, ಸ್ಟೇಷನ್ನಿನ ಮೆಟ್ಟಿಲು, ಬ್ಯಾಗ್ ತಪಾಸಣೆ, ಗೇಟು ದಾಟಿ ಪ್ಲಾಟ್‌ಫಾರ್ಮ್ ಸೇರಲು 6, ರೈಲಿಗೆ 3, ಇಳಿದು ಹೊರಬರಲು 5, ಆಟೋ ಸಿಗಲು 7. ರಸ್ತೆ ಖಾಲಿ ಇದ್ದರೂ ಈ 29ರಲ್ಲಿ ಹೆಚ್ಚಿನದು ಉಳಿದೇ ಉಳಿಯುತ್ತದೆ. ಹಾಗಾಗಿ ದಾರಿ ಹುಡುಕುವಾಗ ಮೊದಲು ಎಷ್ಟು ಸಲ ಇಳಿದು ಹತ್ತಬೇಕು ಅಂತ ನೋಡಿ, ಎಷ್ಟು ಕಿಲೋಮೀಟರ್ ಅನ್ನುವುದು ಆಮೇಲೆ.

ಬಸ್ಸಿನ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮ ಸ್ಟಾಪಿಗೆ ಹತ್ತು ನಿಮಿಷಕ್ಕೊಂದು ಬಸ್ಸು. ಹಾಗಿದ್ದರೆ ಸರಾಸರಿ ಐದು ನಿಮಿಷ ಕಾದರೆ ಸಾಕು ಅನ್ನುವುದು ಸಹಜ ಲೆಕ್ಕ. ಆದರೆ ಜನ ಹೆಚ್ಚಿರುವ ಹೊತ್ತಿನಲ್ಲಿ ಮುಂದಿನ ಬಸ್ಸು ಸ್ಟಾಪಿನಿಂದ ಸ್ಟಾಪಿಗೆ ತುಂಬುತ್ತಾ ನಿಧಾನವಾಗುತ್ತದೆ, ಹಿಂದಿನದಕ್ಕೆ ಹತ್ತುವವರೇ ಇಲ್ಲದೆ ಅದು ಬೇಗ ಬೇಗ ಬಂದು ಮುಂದಿನದರ ಬೆನ್ನಿಗೆ ಅಂಟುತ್ತದೆ. ಕೊನೆಗೆ ಎರಡೂ ಜೋಡಿಯಾಗಿ ಬರುತ್ತವೆ. ಮೊದಲ ಅಂತರ 18 ನಿಮಿಷ, ಆಮೇಲಿನದು 2 ನಿಮಿಷ ಅಂತಿಟ್ಟುಕೊಳ್ಳಿ. ಗಂಟೆಗೆ ಬರುವ ಬಸ್ಸುಗಳ ಸಂಖ್ಯೆ ಕಡಿಮೆಯಾಗಿಲ್ಲ, ಆದರೂ ನೀವು ಸ್ಟಾಪಿಗೆ ಬಂದು ನಿಲ್ಲುವುದು ಬಹುಪಾಲು ಆ ಉದ್ದದ ಅಂತರದಲ್ಲೇ. ಲೆಕ್ಕ ಹಾಕಿದರೆ ಸರಾಸರಿ ಕಾಯುವುದು 8 ನಿಮಿಷ ದಾಟುತ್ತದೆ. ಇಂಥ ಕಡೆ ಮುಂದೆ ಬಂದ ಬಸ್ಸಿನಲ್ಲಿ ಬಾಗಿಲಿಗೆ ಜೋತುಬಿದ್ದು ಹೋಗಬೇಡಿ. ಅದರ ಹಿಂದೆಯೇ ಖಾಲಿ ಬಸ್ಸು ಕಾಣುತ್ತಿದ್ದರೆ ಅದನ್ನೇ ಹತ್ತಿ. ಎರಡೂ ಒಂದೇ ಸಿಗ್ನಲ್ಲಿನಲ್ಲಿ ನಿಲ್ಲುತ್ತವೆ.

ಆ ಸಿಗ್ನಲ್ಲೇ ನನ್ನನ್ನು ಹೆಚ್ಚು ಸತಾಯಿಸಿದ್ದು. ಮನೆಯಿಂದ ಮೆಟ್ರೋ ಸ್ಟೇಷನ್ನಿಗೆ ಬಸ್ಸಿನ ದಾರಿ ಮೂರು ಕಿಲೋಮೀಟರ್. ಮೊದಲ ಎರಡು ಕಾಲು ಕಿಲೋಮೀಟರಿಗೆ ಹನ್ನೊಂದು ನಿಮಿಷ. ಕೊನೆಯ ಮುಕ್ಕಾಲು ಕಿಲೋಮೀಟರಿಗೆ ಹದಿನಾಲ್ಕು, ಏಕೆಂದರೆ ಅಲ್ಲಿ ಬಸ್ಸು ಬಲಕ್ಕೆ ತಿರುಗಬೇಕು, ಬಲಕ್ಕೆ ಹೋಗುವ ಸಾಲಿಗೆ ಹಸಿರು ದೀಪ ಬಹಳ ಕಡಿಮೆ ಹೊತ್ತು. ಅಷ್ಟು ದೂರ ನಡೆದರೆ ಹತ್ತೇ ನಿಮಿಷ. ಉಳಿಯುವುದು ನಾಲ್ಕು ನಿಮಿಷ ತಾನೇ ಅನ್ನಬೇಡಿ. ಕೆಟ್ಟ ದಿನ ಆ ಮುಕ್ಕಾಲು ಕಿಲೋಮೀಟರಿಗೆ ಬಸ್ಸು ಅರ್ಧ ಗಂಟೆ ತೆಗೆದುಕೊಳ್ಳುತ್ತದೆ, ನಡಿಗೆ ಆ ದಿನವೂ ಹತ್ತೇ ನಿಮಿಷ. ಸಿಗ್ನಲ್ಲಿಗಿಂತ ಒಂದು ಸ್ಟಾಪ್ ಮೊದಲೇ ಇಳಿಯುವುದು ನಾನು ಕೊಡಬಲ್ಲ ಅತ್ಯುತ್ತಮ ಸಲಹೆ. ನಿಮ್ಮ ದಾರಿಯಲ್ಲೂ ಇಂಥದ್ದೊಂದು ತಿರುವು ಇದ್ದೇ ಇರುತ್ತದೆ, ಬಸ್ಸಿನಲ್ಲಿರುವ ಹಳೇ ಪ್ರಯಾಣಿಕರು ಎಲ್ಲಿ ಗುಂಪಾಗಿ ಇಳಿಯುತ್ತಾರೆ ಗಮನಿಸಿ.

ಆಟೋವನ್ನು ನಾನು ಈಗ ತಿರುಗುಮುರುಗು ಮಾಡಿಕೊಂಡಿದ್ದೇನೆ. ಎಲ್ಲರೂ ಮೆಟ್ರೋ ಇಳಿದ ಮೇಲೆ ಆಟೋ ಹುಡುಕುತ್ತಾರೆ. ಒಂದು ರೈಲಿನಿಂದ ಇಳಿದವರೆಲ್ಲ ಒಂದೇ ಗೇಟಿನಲ್ಲಿ ಹೊರಬಂದು ಇದ್ದಬದ್ದ ಆಟೋಗಳಿಗೇ ಕೈ ತೋರಿಸಿದರೆ ಹತ್ತಿರದ ಸವಾರಿಗೆ ಬರುವವರು ಯಾರು? ಆಪ್‌ನಲ್ಲಿ "2 ನಿಮಿಷ" ಅಂತ ತೋರಿಸಿ, ಎಲ್ಲಿಗೆ ಅಂತ ಕೇಳಿ, ಕ್ಯಾನ್ಸಲ್ ಮಾಡುವುದು ಅಲ್ಲೇ. ಆಫೀಸಿನ ಕಡೆ ದೂರ ಒಂದೂವರೆ ಕಿಲೋಮೀಟರ್. ಆಟೋ ಸಿಗಲು 7, ಹೋಗಲು 12, ಒಟ್ಟು 19 ನಿಮಿಷ. ನಡೆದರೆ 18. ಅಲ್ಲಿ ನಡಿಗೆಯೇ ಸರಿ. ಆಟೋ ಬೇಕೇಬೇಕು ಅಂದರೆ ಗೇಟಿನಿಂದ ಇನ್ನೂರು ಮೀಟರ್ ಆಚೆ, ನೀವು ಹೋಗಬೇಕಾದ ದಿಕ್ಕಿಗೇ ಗಾಡಿಗಳು ಓಡುವ ಬದಿಗೆ ದಾಟಿ ನಿಲ್ಲಿ, ಚಾಲಕರಿಗೆ ಯೂ-ಟರ್ನ್ ತಪ್ಪಿದರೆ ಒಪ್ಪುವುದೂ ಸುಲಭ. ಆಟೋಗೆ ಖರ್ಚು ಮಾಡುವುದಿದ್ದರೆ ಬೆಳಿಗ್ಗೆ ಮನೆಯ ಬಾಗಿಲಲ್ಲಿ ಮಾಡಿ. ಬಡಾವಣೆಯೊಳಗೆ ಆ ಹೊತ್ತಿಗೆ ಪೈಪೋಟಿ ಕಡಿಮೆ, ಬಸ್ಸು ನುಗ್ಗಲಾಗದ ಒಳರಸ್ತೆಗಳಲ್ಲಿ ಆಟೋ ಹೋಗುತ್ತದೆ, ಬಸ್ಸಿಗೆ ಕಾಯುವ ಎಂಟು ನಿಮಿಷವೂ ಉಳಿಯುತ್ತದೆ. ತಡವಾದ ದಿನಕ್ಕೆ ನಾನು ಇದನ್ನೇ ಇಟ್ಟುಕೊಂಡಿದ್ದೇನೆ.

ಮೆಟ್ರೋ ಬಗ್ಗೆ ಹೇಳಲು ಹೆಚ್ಚಿಲ್ಲ, ಇಡೀ ದಾರಿಯಲ್ಲಿ ನಂಬಬಹುದಾದ ತುಂಡು ಅದೊಂದೇ. ನಿಂತು ಹೋಗುವುದು, ನೂಕುನುಗ್ಗಲು ನನಗೆ ಕಷ್ಟವಲ್ಲ, ಕಾಯುವುದು ಕಷ್ಟ. ಹಾಗಾಗಿ ಸೀಟು ಬೇಕೇಬೇಕು ಅನ್ನುವವರಿಗೆ ನನ್ನ ಲೆಕ್ಕ ಹೊಂದುವುದಿಲ್ಲ. ಅವರು ಒಂದು ರೈಲು ಬಿಟ್ಟು ಮುಂದಿನದನ್ನು ಹತ್ತುವ ಸಮಯವನ್ನೂ ಸೇರಿಸಿಕೊಳ್ಳಲಿ. ಇಳಿಯುವ ಸ್ಟೇಷನ್ನಿನಲ್ಲಿ ನಿಮ್ಮ ಮೆಟ್ಟಿಲು ಯಾವ ಬೋಗಿಯ ಎದುರಿಗೆ ಬರುತ್ತದೆ ಅಂತ ಒಮ್ಮೆ ನೋಡಿಟ್ಟುಕೊಂಡು ಅದೇ ಬೋಗಿ ಹತ್ತಿದರೆ ಗುಂಪು ಸೇರುವ ಮೊದಲೇ ಗೇಟು ದಾಟಬಹುದು. ಎರಡು ನಿಮಿಷ ಹೀಗೇ ಉಳಿಯುತ್ತದೆ.

ದಿನಾ ಎಷ್ಟು ಹೊತ್ತಿಗೆ ಹೊರಡಬೇಕು ಅಂತ ನಿರ್ಧರಿಸಲು ಸರಾಸರಿ ನೋಡಬೇಡಿ. ಹತ್ತು ಕೆಲಸದ ದಿನ ಸಮಯ ಬರೆದಿಟ್ಟು, ಅದರಲ್ಲಿ ಎರಡನೇ ಅತಿ ಕೆಟ್ಟ ದಿನಕ್ಕೆ ಹಿಡಿದಷ್ಟು ಸಮಯವನ್ನು ನಿಮ್ಮ ಪ್ರಯಾಣದ ಅವಧಿ ಅಂತ ಹಿಡಿಯಿರಿ. ಸರಾಸರಿಯನ್ನೇ ನಂಬಿ ಹೊರಟರೆ ಹೆಚ್ಚುಕಡಿಮೆ ಅರ್ಧದಷ್ಟು ದಿನ ತಡವೇ. ಅತಿ ಕೆಟ್ಟ ದಿನವನ್ನು ಬಿಟ್ಟುಬಿಡಿ, ಮಳೆಗೆ ಅಂಡರ್‌ಪಾಸ್ ತುಂಬಿದ ದಿನದ ಲೆಕ್ಕದಲ್ಲಿ ಯಾರೂ ಬದುಕಲಾಗುವುದಿಲ್ಲ. ಜೊತೆಗೆ ಅರ್ಧ ಗಂಟೆ ಮೊದಲು ಹೊರಟೂ ಒಮ್ಮೆ ಅಳೆಯಿರಿ. ನನ್ನ ದಾರಿಯಲ್ಲಿ ಎಂಟೂವರೆಗೆ ಮನೆ ಬಿಟ್ಟರೆ ಬಸ್ಸಿನ 25 ನಿಮಿಷ 16ಕ್ಕೆ ಇಳಿಯುತ್ತದೆ.

ಸಂಜೆಯ ದಾರಿಯನ್ನು ಬೇರೆಯೇ ಪ್ರಯಾಣ ಅಂತ ಅಳೆಯಬೇಕು. ಒನ್‌ವೇ ಇರುವ ಕಡೆ ವಾಪಸ್ ಬಸ್ಸಿನ ಸ್ಟಾಪು ಇನ್ನೊಂದು ರಸ್ತೆಯಲ್ಲಿರುತ್ತದೆ, ಮನೆ ಕಡೆಯ ಸ್ಟೇಷನ್ನಿನಲ್ಲಿ ಈಗ ಆಟೋ ಪೈಪೋಟಿ ನಿಮ್ಮದಾಗುತ್ತದೆ. ತಡವಾಗಿ ಕೆಲಸ ಮುಗಿಯುವವರು ಇನ್ನೊಂದು ನೋಡಿಕೊಳ್ಳಿ. ಕೊನೆಯ ಮೆಟ್ರೋ ಅಂತ ಹಾಕಿರುವ ಸಮಯ ಅದು ಮೊದಲ ಸ್ಟೇಷನ್ ಬಿಡುವುದೋ, ನಿಮ್ಮ ಸ್ಟೇಷನ್ನಿಗೆ ಬರುವುದೋ ಕೇಳಿ ತಿಳಿಯಿರಿ. ಅದಕ್ಕಿಂತ ಮುಖ್ಯವಾಗಿ, ಸ್ಟೇಷನ್ನಿನಿಂದ ಮನೆ ಕಡೆ ಹೋಗುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ಕಂಡಕ್ಟರನ್ನೇ ಕೇಳಿ. ನಮ್ಮ ಕಡೆ ಅದು ಕೊನೆಯ ರೈಲು ಬರುವ ಮೊದಲೇ ಹೊರಟುಹೋಗಿರುತ್ತದೆ.