ಸೇಲ್‌ಗೆ ಮುಂಚಿನ ರಾತ್ರಿ ತಾಳೆಯಾಗದ 23 ಪೇಮೆಂಟ್‌ಗಳು

ನಮ್ಮದು ಆನ್‌ಲೈನ್ ಸೀರೆ ಅಂಗಡಿ. ದೀಪಾವಳಿ ಸೇಲ್ ಬೆಳಿಗ್ಗೆ 6ಕ್ಕೆ ಶುರುವಾಗಬೇಕಿತ್ತು. ರಾತ್ರಿ 12 ದಾಟಿದ ಮೇಲೆ ದಿನದ ಲೆಕ್ಕದ ರಿಪೋರ್ಟ್ ಬಂತು. ಪೇಮೆಂಟ್ ಗೇಟ್‌ವೇ ದುಡ್ಡು ಬಂದಿದೆ ಅನ್ನುವ 23 ಪೇಮೆಂಟ್‌ಗಳಿಗೆ ನಮ್ಮಲ್ಲಿ ಆರ್ಡರೇ ಇಲ್ಲ.

"ಅದು ಟೈಮ್‌ಝೋನ್ ಗಲಾಟೆ, ದಿನಾ ಇದ್ದಿದ್ದೇ" ಅಂದರು ಅಕೌಂಟ್ಸ್‌ನವರು. ಅರ್ಧ ನಿಜ. ನಮ್ಮ ಡೇಟಾಬೇಸ್ ಸಮಯ ಬರೆದಿಡುವುದು ಯುಟಿಸಿಯಲ್ಲಿ. ಅಲ್ಲಿ ತಾರೀಖು ಬದಲಾಗುವಾಗ ನಮಗೆ ಬೆಳಿಗ್ಗೆ 5:30. ಹಾಗಾಗಿ ರಾತ್ರಿ 12ರಿಂದ 5:30ರ ತನಕ ಬಂದ ದುಡ್ಡು ನಮ್ಮ ರಿಪೋರ್ಟಿನಲ್ಲಿ ಹಿಂದಿನ ದಿನಕ್ಕೆ ಸೇರುತ್ತದೆ. ಆ ಹೊತ್ತಿನಲ್ಲಿ ಸೀರೆ ಕೊಳ್ಳುವವರು ಕಡಿಮೆ, ಅದಕ್ಕೇ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ದಿನವನ್ನು ಹಿಂದಿನ ಸಂಜೆ 18:30 ಯುಟಿಸಿಯಿಂದ ಎಣಿಸಿ ಕ್ವೆರಿ ಮತ್ತೆ ಓಡಿಸಿದೆ. 9 ತಾಳೆಯಾದವು. 14 ಉಳಿದವು.

ಆ 14ನ್ನೂ ಒಂದೊಂದಾಗಿ ತೆಗೆದು ನೋಡಿದೆ. ಎಲ್ಲವೂ ಯುಪಿಐ. ಆರ್ಡರ್‌ಗಳೂ ಇದ್ದವು, ಆದರೆ "ಕ್ಯಾನ್ಸಲ್" ಆಗಿ. ಒಂದರ ಲಾಗ್ ಹೀಗಿತ್ತು: 9:42ಕ್ಕೆ ಆರ್ಡರ್, 9:52ಕ್ಕೆ ನಮ್ಮ ಟೈಮರ್ ಅದನ್ನು ರದ್ದು ಮಾಡಿ ಸೀರೆಯನ್ನು ಸ್ಟಾಕ್‌ಗೆ ವಾಪಸ್ ಹಾಕಿದೆ, 9:57ಕ್ಕೆ ಗೇಟ್‌ವೇಯಿಂದ "ಪಾವತಿ ಆಯ್ತು" ಅನ್ನುವ ವೆಬ್‌ಹುಕ್. ಬ್ಯಾಂಕ್ ಕಡೆ ಪೆಂಡಿಂಗ್ ಆಗಿದ್ದ ಪೇಮೆಂಟ್ ತಡವಾಗಿ ಖಾತ್ರಿಯಾಗಿದೆ. ನಮ್ಮ ಕೋಡ್ ಆರ್ಡರ್ ರದ್ದಾಗಿದೆ ಎಂದು ನೋಡಿ ವೆಬ್‌ಹುಕ್ಕನ್ನು ಸುಮ್ನೆ ಬಿಟ್ಟುಬಿಟ್ಟಿದೆ. ಸೇಲ್ ದಿನ ಬ್ಯಾಂಕ್‌ಗಳ ಮೇಲೆ ಹೊರೆ ಬಿದ್ದರೆ ಇದು ಇನ್ನೂ ಜಾಸ್ತಿ ಆಗುವುದೇ ತಾನೇ?

ಆರ್ಡರ್‌ಗಳಿಗೆ ಮತ್ತೆ ಜೀವ ಕೊಟ್ಟುಬಿಡೋಣ ಅಂತ ಮೊದಲು ಅನಿಸಿತು. ನಮ್ಮ ಲೀಡ್ ತಡೆದರು. "ಸ್ಟಾಕ್ ಆಗಲೇ ಬೇರೆಯವರಿಗೆ ಹೋಗಿದ್ದರೆ? ಈ ಹೊತ್ತಲ್ಲಿ ಅದನ್ನ ಮುಟ್ಟಬೇಡ ಮಾರಾಯ." ಪಟ್ಟಿ ನೋಡಿದರೆ ಇನ್ನೊಂದು ತೊಡಕು: 3 ಜನ ಕಾದು ಬೇಸತ್ತು ಅದೇ ಸೀರೆಗೆ ಮತ್ತೊಮ್ಮೆ ದುಡ್ಡು ಕಟ್ಟಿದ್ದರು. ಹಳೆ ಆರ್ಡರ್ ಎಬ್ಬಿಸಿದ್ದರೆ ಅವರ ಮನೆಗೆ ಎರಡೆರಡು ಸೀರೆ!

ಹಾಗಾಗಿ ರದ್ದಾದ ಆರ್ಡರ್‌ಗೆ ತಡವಾಗಿ ದುಡ್ಡು ಬಂದರೆ ರೀಫಂಡ್ ಸಾಲಿಗೆ ಹಾಕುವುದು, ಗಿರಾಕಿಗೆ ಮೆಸೇಜ್ ಕಳಿಸುವುದು, ಅಷ್ಟೇ ಮಾಡಿದೆವು. ಗೇಟ್‌ವೇ ಒಂದೇ ವೆಬ್‌ಹುಕ್ಕನ್ನು ಎರಡು ಮೂರು ಸಲ ಕಳಿಸುವುದುಂಟು. ಆಗ ರೀಫಂಡ್ ಕೂಡ ಎರಡು ಸಲ ಹೋಗಬಾರದಲ್ವಾ? ಅದಕ್ಕೆ `payment_id` ಮೇಲೆ ಯುನೀಕ್ ಕೀ ಹಾಕಿದೆವು:

```sql
INSERT INTO refund_queue (payment_id)
VALUES ($1)
ON CONFLICT (payment_id) DO NOTHING;
```

ಸ್ಟೇಜಿಂಗ್‌ನಲ್ಲಿ 9:57ರ ಆ ವೆಬ್‌ಹುಕ್ಕನ್ನೇ ಎರಡು ಸಲ ಕಳಿಸಿ ನೋಡಿದೆ. ಸಾಲಿನಲ್ಲಿ ಒಂದೇ ನಮೂದು ಬಿತ್ತು. 4 ಗಂಟೆಗೆ ಪ್ರೊಡಕ್ಷನ್‌ಗೆ ಹಾಕಿ, ಆ 14ನ್ನೂ ಅದೇ ದಾರಿಯಲ್ಲಿ ರೀಫಂಡ್‌ಗೆ ಕಳಿಸಿದೆವು. ಸೇಲ್ ಶುರುವಾದ ಮೇಲೂ ತಡವಾದ ಪೇಮೆಂಟ್‌ಗಳು ಬಂದವು, ಸಾಲಿಗೆ ಸೇರಿದವು. ರದ್ದು ಮಾಡುವ ಮುಂಚೆ ಗೇಟ್‌ವೇಯನ್ನು ಒಮ್ಮೆ ಕೇಳಿ ನೋಡುವ ಕೆಲಸವನ್ನು ಹಬ್ಬ ಮುಗಿದ ಮೇಲೆ ಕೈಗೆತ್ತಿಕೊಂಡೆವು.