ಬೆನ್ನು ಏನಂತು?

ಮಂಗಳವಾರದಿಂದ ಒಂದೇ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿದೆ. ಕೇಳಿದ್ದು ಫಿಸಿಯೋಥೆರಪಿ ಹುಡುಗಿ. ಫ್ರಿಜ್ ಮೇಲೆ ಅಂಟಿಸಿದ ಚೀಟಿಯ ವಿಷಯ ಅವಳಿಗೆ ಹೇಳಿದ್ದೆ. "ನನಗೆ ನೋವಿಲ್ಲ, ನಾನು ಪೂರ್ತಿ ಆರೋಗ್ಯವಾಗಿದ್ದೇನೆ" ಅಂತ ದಿನಾ ಬೆಳಿಗ್ಗೆ ಹತ್ತು ಸಲ ಓದಬೇಕು. ನನ್ನ ನಾದಿನಿ ಕಲಿಸಿದ್ದು. ಅವಳಿಗೆ ಇದುವರೆಗೆ ಒಂದು ತಲೆನೋವೂ ಬಂದಿಲ್ಲ. ಅದಕ್ಕೇ ಎಲ್ಲದಕ್ಕೂ ಅವಳ ಹತ್ತಿರ ಮಂತ್ರವಿದೆ.

"ಓದಿದಾಗ ಬೆನ್ನು ಏನಂತು ಆಂಟಿ?"

"ಸುಳ್ಳು ಅಂತು."

ಇಬ್ಬರೂ ನಕ್ಕೆವು. ಆದರೆ ಆಟೋದಲ್ಲಿ ಬರುವಾಗ ಸಿಟ್ಟು ಬಂತು. ಆರು ವರ್ಷದ ನೋವು ಇದು. ಅದರ ಜೊತೆಗೆ, ಸುಳ್ಳು ನಿಜವಾಗಲಿಲ್ಲವಲ್ಲ ಎಂಬ ಅವಮಾನ ಬೇರೆ ದಿನಾ ಬೆಳಿಗ್ಗೆ!

ಅವಳು ಹೇಳಿದ್ದು ಇಷ್ಟೇ: ಬೆನ್ನು ಒಪ್ಪುವಂಥ ಮಾತು ಬರೆಯಿರಿ. ಅದಕ್ಕೆ ಮೊದಲು ಅಳತೆ ಬೇಕು. ಒಲೆ ಮುಂದೆ ನೋವು ಏರುವವರೆಗೆ ಎಷ್ಟು ಹೊತ್ತು ನಿಲ್ಲುತ್ತೇನೆ ಅಂತ ಹಿಂದಿನ ವಾರ ಬರೆದಿಟ್ಟಿದ್ದೆ. ಒಳ್ಳೆಯ ದಿನ 14 ನಿಮಿಷ, ಕೆಟ್ಟ ದಿನ 6, ನಡುವಿನ ದಿನ 10. ಸರಾಸರಿ 10. ಅದರಲ್ಲಿ ಐದನೇ ಒಂದು ಭಾಗ ಕಳೆದು 8 ಮಾಡಿದಳು. ಹಾಗಾಗಿ ಹೊಸ ಚೀಟಿಯಲ್ಲಿ "ಎಂಟು ನಿಮಿಷ ನಿಲ್ಲುತ್ತೇನೆ. ಆಮೇಲೆ ಕೂರುತ್ತೇನೆ" ಎಂದಿದೆ.

ಮೊದಲನೇ ವಾಕ್ಯ ಸುಲಭ. ಕಷ್ಟವೆಲ್ಲ ಎರಡನೆಯದರಲ್ಲೇ, ಅದೂ ಒಳ್ಳೆಯ ದಿನ. ನಮ್ಮಂಥವರು ಹಾಳಾಗುವುದೇ ಒಳ್ಳೆಯ ದಿನಗಳಲ್ಲಿ ಅಲ್ವಾ? ಕಳೆದ ಭಾನುವಾರ ನೋವು ಕಮ್ಮಿ ಅಂತ ಅಟ್ಟ ಪೂರ್ತಿ ಇಳಿಸಿ ಒರೆಸಿದೆ. ಸೋಮವಾರ ಮಂಚದಿಂದ ಏಳಲು ಗಂಡನ ಕೈ ಬೇಕಾಯ್ತು. ಮಲಗಿದಷ್ಟೂ ಮೈ ಬಿಗಿಯುತ್ತದೆ, ಮುಂದಿನ ಸಲ ತಾಳುವ ಶಕ್ತಿ ಇನ್ನೂ ಕಮ್ಮಿಯಾಗುತ್ತದೆ. ಅದಕ್ಕೇ ನೋವು ಹೇಳಿದಾಗ ಅಲ್ಲ, ಗಡಿಯಾರ ಹೇಳಿದಾಗ ನಿಲ್ಲಿಸಬೇಕಂತೆ. ಎಂಟು ನಿಮಿಷ ಒಂದು ವಾರ ತಕರಾರಿಲ್ಲದೆ ನಡೆದರೆ ಒಂಬತ್ತು. ಮಾರನೇ ದಿನ ಮಾಮೂಲಿಗಿಂತ ಜಾಸ್ತಿ ಕಾಡಿದರೆ ಅಳತೆ ದೊಡ್ಡದಾಯ್ತು ಅಂತ ಅರ್ಥ, ಇಳಿಸಬೇಕು. ಹೊಸದಾಗಿ ಕಾಲು ಮರಗಟ್ಟಿದರೆ, ಮೂತ್ರ ಹಿಡಿಯಲಾಗದಿದ್ದರೆ ಮಾತ್ರ ಚೀಟಿ, ಲೆಕ್ಕ ಯಾವುದೂ ಬೇಡ, ಸೀದಾ ಆಸ್ಪತ್ರೆಗೆ ಓಡಿ ಅಂದಳು.

ನೋವು ಹೋಗುತ್ತೆ ಅಂತ ಅವಳು ಒಂದು ಸಲವೂ ಹೇಳಲಿಲ್ಲ. ನನಗೆ ಅವಳು ಇಷ್ಟವಾಗಿದ್ದು ಅದಕ್ಕೇ.

ನಿನ್ನೆ ರಾತ್ರಿ ನಾಲ್ಕನೇ ಚಪಾತಿ ಹಂಚಿನ ಮೇಲಿದ್ದಾಗ ಎಂಟು ನಿಮಿಷ ಆಯ್ತು ಅಂತ ಫೋನ್ ಬಡಿದುಕೊಂಡಿತು. ತಟ್ಟೆಯಲ್ಲಿ ಇನ್ನೂ ಐದು ಉಂಡೆ. ಬೆನ್ನು ಸುಮ್ನೆ ಇತ್ತು, ಮುಗಿಸಿಬಿಡೋಣ ಅನ್ನಿಸಿತು. ಚೀಟಿ ನೋಡಿದೆ. ಒಲೆ ಆರಿಸಿ ಸ್ಟೂಲ್ ಎಳೆದುಕೊಂಡೆ.

"ಯಾಕೆ, ನೋವಾ?" ಅಂದರು ಇವರು.

"ಇಲ್ಲ" ಅಂದೆ. ಈ ಸಲ ಬೆನ್ನೂ ಎದುರು ಮಾತಾಡಲಿಲ್ಲ.