ಅಳಿಲಿನ ಎತ್ತಿದ ಕೈ: ಮ್ಯಾಸ್ಕಾಟ್ ಶೀಟ್, ಮೂರನೇ ಆವೃತ್ತಿ

ಕೈ ಬೀಸುವ ಭಂಗಿ ಕೊನೆಗೂ ಕೂತಿತು. ಎದುರು, ಮುಕ್ಕಾಲು, ಪಕ್ಕ, ಹಿಂದು ಎಂಬ ನಾಲ್ಕು ನೋಟಗಳು ಎರಡನೇ ಆವೃತ್ತಿಯಲ್ಲೇ ಮುಗಿದಿದ್ದವು. ಮುಖಭಾವಗಳ ಸಾಲಿನಲ್ಲೂ ತಕರಾರಿಲ್ಲ. ಆರು ಭಂಗಿಗಳು ಒಪ್ಪವಾಗಿ ಬಂದು ಏಳನೆಯದರಲ್ಲಿ ಎಲ್ಲವೂ ನಿಂತುಹೋಗಿತ್ತು. ಆದ್ದರಿಂದ ಈ ಟಿಪ್ಪಣಿಯ ಬಹುಪಾಲು ಒಂದು ಕೈಯ ಬಗ್ಗೆ.

ಮೊದಲು ಅಳತೆ. ಅಳಿಲಿನ ಎತ್ತರ ಮೂರು ತಲೆ. ವೆಕ್ಟರ್ ಕಡತದಲ್ಲಿ ಒಟ್ಟು 1200 ಘಟಕ, ತಲೆ 400. ಗಲ್ಲ ನೆಲದಿಂದ 800ರಲ್ಲಿ, ಭುಜ 780ರಲ್ಲಿ. ಭುಜದ ಕೀಲು ಮಧ್ಯರೇಖೆಯಿಂದ 130 ಘಟಕ ಆಚೆ, ಕೆನ್ನೆಯ ಅಂಚು 230 ಆಚೆ. ಕೈಯ ಉದ್ದ 360: ತೋಳು 160, ಮುಂಗೈ 130, ಅಂಗೈ 70.

ತೊಂದರೆ ಈ ಅಂಕಿಗಳಲ್ಲೇ ಇದೆ. ಕೈಯನ್ನು ನೇರ ಮೇಲಕ್ಕೆತ್ತಿದರೆ ತುದಿ 1140ಕ್ಕೆ ನಿಲ್ಲುತ್ತದೆ, ನೆತ್ತಿ 1200ರಲ್ಲಿದೆ. ಕೆನ್ನೆ ಭುಜಕ್ಕಿಂತ 100 ಘಟಕ ಅಗಲ ಇರುವುದರಿಂದ ಆ ಕೈ ಮುಖಕ್ಕೇ ಅಂಟಿಕೊಳ್ಳುತ್ತದೆ. ಹಾಗಾಗಿ ಕೈಯನ್ನು 45 ಡಿಗ್ರಿ ಓರೆಯಾಗಿ ಚಾಚಬೇಕು. ಆಗ ತುದಿ ಸುಮಾರು 1035ಕ್ಕೆ ಬರುತ್ತದೆ, ಅಂದರೆ ಕೆನ್ನೆಯ ಪಕ್ಕಕ್ಕೇ. ಅಂಗೈಗೂ ಕೆನ್ನೆಗೂ ನಡುವೆ ಉಳಿಯುವ ಸಂದು 85 ಘಟಕ. ದೊಡ್ಡ ಪರದೆಯಲ್ಲಿ ಅದು ಸಾಕು. 48 ಪಿಕ್ಸೆಲ್ ಎತ್ತರದ ಐಕಾನ್‌ನಲ್ಲಿ ಒಂದು ಪಿಕ್ಸೆಲ್‌ಗೆ 25 ಘಟಕ, ಆದ್ದರಿಂದ ಸಂದು ಮೂರೂವರೆ ಪಿಕ್ಸೆಲ್ಲಿಗೆ ಇಳಿಯುತ್ತದೆ. ಅದರಲ್ಲಿ ಒಂದಷ್ಟನ್ನು ಹೊರಗೆರೆ ತಿನ್ನುತ್ತದೆ. ಕೈ ಬೀಸುವ ಅಳಿಲು ಹಲ್ಲುನೋವಿಗೆ ಕೆನ್ನೆ ಹಿಡಿದ ಅಳಿಲಿನ ಹಾಗೆ ಕಾಣುತ್ತದೆ.

ಇಂಥಲ್ಲಿ ಚಿತ್ರ ಬಿಡಿಸುವವರ ಕಣ್ಣು ತಾನಾಗಿಯೇ ಕೈಯನ್ನು ಉದ್ದ ಮಾಡುತ್ತದೆ. ಅದು ತಪ್ಪಲ್ಲ, ಒಳ್ಳೆಯ ಕಣ್ಣಿನ ಲಕ್ಷಣವೇ. ಆದರೆ ಎಷ್ಟು ಉದ್ದ ಎಂದು ಶೀಟ್ ಹೇಳದಿದ್ದರೆ ಪ್ರತಿಯೊಬ್ಬರದೂ ಒಂದೊಂದು ಲೆಕ್ಕ. ಹಳೆಯ ಮೂರು ಕಡತಗಳಲ್ಲಿ ಕೈ ಬೀಸುವ ಭಂಗಿಯನ್ನು ಅಳೆದಾಗ 360, 440, 480 ಸಿಕ್ಕವು. ಒಂದೊಂದನ್ನೇ ನೋಡಿದರೆ ಯಾವುದೂ ತಪ್ಪೆನಿಸದು. ಮೂರನ್ನೂ ಒಂದೇ ಪುಟದಲ್ಲಿ ಇಟ್ಟರೆ ಮೂರು ಬೇರೆ ಅಳಿಲುಗಳು.

ಎಲ್ಲ ಭಂಗಿಗಳಲ್ಲೂ ಕೈಯನ್ನು 480 ಮಾಡಿಬಿಡೋಣ ಎಂಬುದು ಮೊದಲ ಪ್ರಯತ್ನ. ನಿಂತ ಭಂಗಿ ಚೆನ್ನಾಗಿಯೇ ಬಂತು. ಕೆಟ್ಟದ್ದು ಎದೆಗೆ ಕಾಯಿ ಅವಚಿಕೊಂಡ ಭಂಗಿ. ಅಂಗೈಗಳೆರಡೂ ಎದೆಯ ಮಧ್ಯೆ ಸೇರಬೇಕು, ಹೆಚ್ಚಾದ ಉದ್ದವೆಲ್ಲ ಮೊಣಕೈಗೆ ಹೋಗಬೇಕು. 360ರ ಕೈಯಲ್ಲಿ ಮೊಣಕೈಯ ಹೊರ ಅಂಚು ಮಧ್ಯರೇಖೆಯಿಂದ ಸುಮಾರು 195ರಲ್ಲಿತ್ತು, 480ರ ಕೈಯಲ್ಲಿ 240 ದಾಟಿತು. ಕೆನ್ನೆಯ ಅಂಚು 230. ಅಂದರೆ ತಲೆಯೇ ಎಲ್ಲಕ್ಕಿಂತ ಅಗಲ ಎನ್ನುವ, ಈ ಪಾತ್ರದ ಗುರುತಾದ ಆಕಾರವೇ ಮುರಿಯಿತು. ತಲೆ ಚಿಕ್ಕದು ಮಾಡುವುದು ಇನ್ನೊಂದು ದಾರಿ. ಅದಕ್ಕೆ ಆರೂ ಭಂಗಿಗಳನ್ನು ಮತ್ತೆ ಬಿಡಿಸಬೇಕು, ಮುಖದ ಗುರುತೂ ಹೋಗುತ್ತದೆ.

ಪರಿಹಾರ ಸಿಕ್ಕಿದ್ದು ಭುಜದಲ್ಲಿ. ನಿಜವಾದ ಮೈಯಲ್ಲಿ ತೋಳು ಮೇಲೆ ಹೋದಾಗ ಹೆಗಲ ಮೂಳೆ, ಕೊರಳ ಮೂಳೆಗಳೂ ಜೊತೆಗೆ ಏಳುತ್ತವೆ. ಶೀಟ್ ಮಾತ್ರ ಭುಜವನ್ನು ಎಲ್ಲ ಭಂಗಿಗೂ 780ರಲ್ಲಿ ಮೊಳೆ ಹೊಡೆದು ಕೂರಿಸಿತ್ತು. ಈಗಿನ ನಿಯಮ ಇದು: ಕೈ ಭುಜದ ಮಟ್ಟ ದಾಟಿದ ಭಂಗಿಗಳಲ್ಲಿ ಕೀಲು 40 ಘಟಕ ಏರಿ 820ಕ್ಕೆ ಬರಬೇಕು, ಕೈಯ ಉದ್ದ ಶೇ 10ರಷ್ಟು ಹೆಚ್ಚಿ 396 ಆಗಬೇಕು. ಇನ್ನುಳಿದ ಯಾವ ಭಂಗಿಗೂ ಈ ಸಡಿಲಿಕೆ ಇಲ್ಲ. ಹಿಗ್ಗಿಸುವುದೂ ತೋಳು ಮತ್ತು ಮುಂಗೈಯನ್ನು ಮಾತ್ರ, ಅಂಗೈ 70ಕ್ಕೇ ನಿಲ್ಲಬೇಕು. ಇಡೀ ಕೈಯನ್ನು ಹಿಡಿದೆಳೆದರೆ ಅಂಗೈಯೂ ಊದಿ, ಇನ್ನೊಂದು ಕೈಯ ಪಕ್ಕ ಎದ್ದು ಕಾಣುತ್ತದೆ.

ಈಗ 45 ಡಿಗ್ರಿಯಲ್ಲಿ ತುದಿ 1100ಕ್ಕೆ ಬಂತು. ಆ ಎತ್ತರದಲ್ಲಿ ತಲೆಯೂ ಒಳಕ್ಕೆ ಬಾಗುವುದರಿಂದ ಸಂದು ಸುಮಾರು 135 ಘಟಕವಾಯಿತು. 48 ಪಿಕ್ಸೆಲ್‌ನಲ್ಲಿ ಅದು ಐದಕ್ಕಿಂತ ಹೆಚ್ಚು. ಆಕೃತಿಗೆ ಪೂರ್ತಿ ಕಪ್ಪು ತುಂಬಿ, ಆ ಗಾತ್ರಕ್ಕೆ ಕುಗ್ಗಿಸಿ ನೋಡಿದರೂ ಕೈ ಕೈಯಾಗಿಯೇ ಕಾಣುತ್ತದೆ. ಪ್ರತಿ ಭಂಗಿಗೂ ಈ ಕಪ್ಪು ಪರೀಕ್ಷೆ ಕಡ್ಡಾಯ. ಬಣ್ಣ ಇದ್ದಾಗ ಕಣ್ಣು ತಪ್ಪನ್ನು ಮನ್ನಿಸಿಬಿಡುತ್ತದೆ.

ಮಧ್ಯೆ ಒಂದು ವಿಷಯ: ಮುಂದೆ ಇದೇ ಅಳಿಲನ್ನು ಬಟ್ಟೆಯ ಗೊಂಬೆ ಮಾಡುವ ಯೋಜನೆ ಇದೆ. ಮೂರರಲ್ಲಿ ಒಂದು ಪಾಲು ತಲೆಯೇ ಆದ ಗೊಂಬೆ ತಾನಾಗಿ ನಿಲ್ಲುವುದಿಲ್ಲ, ಮುಗ್ಗರಿಸುತ್ತದೆ. ಬಾಲ ನೆಲ ಮುಟ್ಟಿದರೆ ಎರಡು ಪಾದದ ಜೊತೆ ಅದು ಮೂರನೇ ಕಾಲಾಗುತ್ತದೆ, ಪೃಷ್ಠದಲ್ಲಿ ಒಂದಿಷ್ಟು ತೂಕವೂ ತುಂಬಬೇಕು. ಅದಕ್ಕೇ ಹಿಂದಿನ ನೋಟದಲ್ಲಿ ಬಾಲದ ಬುಡ ಎಷ್ಟು ಎತ್ತರದಲ್ಲಿ ಎಂದು ಈಗಲೇ ಗೆರೆ ಎಳೆದಿಟ್ಟಾಗಿದೆ. ಹೊಲಿಗೆಯ ಗೆರೆಗಳೂ ಅದೇ ಪುಟಕ್ಕೆ ಬರಲಿವೆ.

ಮತ್ತೆ ಕೈಗೆ. ಬೀಸುವುದು ಯಾವಾಗಲೂ ಬಲಗೈ. ಬಾಲ ಎಡಕ್ಕೆ ಸುರುಳಿ ಸುತ್ತಿದೆ, ಅದರ ತುದಿ ಎತ್ತಿದ ಕೈಯಷ್ಟೇ ಎತ್ತರ, ಎರಡರ ಬಣ್ಣವೂ ಒಂದೇ. ಎಡಗೈ ಎತ್ತಿದರೆ ಅದು ಬಾಲದಲ್ಲಿ ಮುಳುಗಿಹೋಗುತ್ತದೆ. ಬಲ ಎಂದರೆ ಪಾತ್ರದ ಬಲ, ನೋಡುವವರದ್ದಲ್ಲ ಎಂದು ಶೀಟಿನ ತಲೆಯಲ್ಲೇ ಬರೆದಿದೆ. ಕಡತದ ಹೆಸರಿನಲ್ಲೂ ಅದೇ: `alilu_wave_R_v3.svg`. ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ಬಳಸುವುದು ನಿಷಿದ್ಧ, ಎಡಗಿವಿಯ ಕಚ್ಚು ಬಲಕ್ಕೆ ಹಾರಿಬಿಡುತ್ತದೆ. ಇನ್ನೊಂದು ದಿಕ್ಕು ಬೇಕೆಂದರೆ ಬೇರೆ ಕಡತವನ್ನೇ ಬಿಡಿಸಬೇಕು.

ಬಣ್ಣ ನಾಲ್ಕೇ.

```
--mai:    #E8762C;
--hotte:  #FFE8C7;
--neralu: #B9541A;
--gere:   #000000;
```

ನೆರಳಿಗೆ ಸ್ವಂತ ಸಂಖ್ಯೆ ಕೊಟ್ಟಿದ್ದಕ್ಕೆ ಕಾರಣ ಇದೆ. ಹಿಂದಿನ ಆವೃತ್ತಿಯಲ್ಲಿ ಅದು ಮೈಬಣ್ಣದ ಮೇಲೆ ಹರಡಿದ ಅರೆಪಾರದರ್ಶಕ ಕಪ್ಪಾಗಿತ್ತು. ಹಾಗಾಗಿ ಹೊಟ್ಟೆಯ ಮೇಲೆ ಬಿದ್ದಾಗ ಬೂದು, ಮೈಮೇಲೆ ಕಂದು, ಅಂಚಿನಿಂದ ಆಚೆ ಚಾಚಿದರೆ ಹಿನ್ನೆಲೆಯ ಬಣ್ಣ. ಗಟ್ಟಿ ಬಣ್ಣಕ್ಕೆ ಈ ಕಾಟವಿಲ್ಲ.

ಮುದ್ರಣದವರ ಮೇಲಿನ ಸಿಟ್ಟನ್ನು ಇಲ್ಲಿ ಹೇಳಲೇಬೇಕು. ಸ್ಟಿಕ್ಕರ್ ಮಾಡಿಕೊಟ್ಟವರು ಆರ್‌ಜಿಬಿ ಕಡತವನ್ನು ಕೇಳದೆಯೇ ಸಿಎಂವೈಕೆಗೆ ಬದಲಿಸಿದರು. ಹೊರಗೆರೆಯ ಕಪ್ಪು ನಾಲ್ಕೂ ಶಾಯಿಗಳ ಮಿಶ್ರಣವಾಯಿತು. ಶಾಯಿಗಳು ಕೂದಲೆಳೆಯಷ್ಟು ಸರಿದರೂ ಸಾಕು, ತೆಳುಗೆರೆಯ ಪಕ್ಕ ಗುಲಾಬಿ, ನೀಲಿ ಅಂಚು ಇಣುಕುತ್ತದೆ. ಇಣುಕಿತು. ಕೇಳಿದರೆ ‘ಕಡತ ಹಾಗೇ ಇತ್ತು’ ಎಂಬ ಉತ್ತರ. ಈಗ ಮುದ್ರಣಕ್ಕೆ ಪ್ರತ್ಯೇಕ ಪಿಡಿಎಫ್: ಗೆರೆಗೆ ಕಪ್ಪು ಶಾಯಿ ಮಾತ್ರ, ಶೇ 100, ಕೆಳಗಿನ ಬಣ್ಣದ ಮೇಲೆಯೇ ಅಚ್ಚಾಗುವಂತೆ ಓವರ್‌ಪ್ರಿಂಟ್. ಮೈಬಣ್ಣ 0, 65, 95, 0. ಪರದೆಯ ಹೊಳಪು ಕಾಗದದ ಮೇಲೆ ಬರುವುದಿಲ್ಲ, ನುಣುಪಿಲ್ಲದ ಕಾಗದದಲ್ಲಿ ಇನ್ನೂ ಮಂಕು. ಆದ್ದರಿಂದ ಒಪ್ಪಿಗೆ ಕೊಡುವುದು ಮಾದರಿ ಅಚ್ಚು ಕೈಗೆ ಬಂದ ಮೇಲೆಯೇ.

ಹೊರಗೆರೆಯ ದಪ್ಪ 12 ಘಟಕ, ಎತ್ತರದ ನೂರರಲ್ಲೊಂದು ಪಾಲು. ಕುಗ್ಗಿಸುವಾಗ ಗೆರೆಯೂ ಜೊತೆಗೆ ಕುಗ್ಗುವ ಆಯ್ಕೆ ಆಫ್ ಆಗಿದ್ದರೆ ಚಿಕ್ಕ ಅಳಿಲು ಕಾಡಿಗೆ ಮೆತ್ತಿದಂತಾಗುತ್ತದೆ. ಹಂಚುವ ಕಡತಗಳಲ್ಲಿ ಗೆರೆಯನ್ನೇ ಆಕಾರವಾಗಿ ಬದಲಿಸಿ ಕೊಡುವುದು ಕ್ಷೇಮ. ತಿದ್ದಲು ಬರುವ ಮೂಲ ಪ್ರತಿ ಬೇರೆ ಇರಲಿ. 40 ಪಿಕ್ಸೆಲ್‌ಗಿಂತ ಕೆಳಗೆ ಪ್ರತ್ಯೇಕ ಚಿತ್ರ: ಬೆರಳಿಲ್ಲ, ನೆರಳಿಲ್ಲ, ಗೆರೆ ಎರಡು ಪಟ್ಟು ದಪ್ಪ.

ಬಾಕಿ ಉಳಿದದ್ದು ಎರಡೂ ಕೈ ಎತ್ತಿ ಕುಣಿಯುವ ಭಂಗಿ. ಅಲ್ಲಿ ಎಡಗೈ ಬಾಲಕ್ಕೆ ಸಿಕ್ಕೇ ಸಿಗುತ್ತದೆ. ಬಾಲವನ್ನು 150 ಘಟಕ ಕೆಳಗಿಳಿಸಿ ಒಂದು ಕರಡು, ಬಾಲಕ್ಕೂ ಕೈಗೂ ನಡುವೆ ನೆರಳುಬಣ್ಣದ ಪಟ್ಟಿ ಕೊಟ್ಟು ಇನ್ನೊಂದು. ಎರಡಕ್ಕೂ ಕಪ್ಪು ಪರೀಕ್ಷೆ ಇನ್ನೂ ಆಗಬೇಕು.